ಕಾಲೇಜಿನ ಮಳೆನೀರು ಲೆಕ್ಕ: ಹಳೇ ಸಂಪು ರಿಪೇರಿ, ಎರಡು ಇಂಗುಬಾವಿ, ಒಟ್ಟು 5.60 ಲಕ್ಷ

ನಮ್ಮದು ಕೋಲಾರ ಜಿಲ್ಲೆಯ ಒಂದು ಪದವಿ ಕಾಲೇಜು, ಜೊತೆಗೆ ಒಂದು ಹಾಸ್ಟೆಲ್. ಮಳೆನೀರು ಕೊಯ್ಲಿಗೆ ಅಂತ ಕೊಟೇಶನ್ ತರಿಸಿದಾಗ ಮೊದಲು ಬಂದದ್ದು 8.85 ಲಕ್ಷ ರೂಪಾಯಿಯದು. ಅದರ ಕೊನೇ ಪುಟದಲ್ಲಿ ಒಂದು ಸಾಲು ಇತ್ತು: ವರ್ಷಕ್ಕೆ 1.39 ಲಕ್ಷ ಉಳಿತಾಯ, ಆರೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಆಡಳಿತ ಮಂಡಳಿಯವರಿಗೆ ಆ ಸಾಲು ತುಂಬಾ ಇಷ್ಟವಾಯಿತು. ನನಗೆ ಮಾತ್ರ ಅದನ್ನು ಬಿಡಿಸಿ ನೋಡಬೇಕು ಅನಿಸಿತು, ಯಾಕೆಂದರೆ ಹಾಸ್ಟೆಲ್‌ನ ಟ್ಯಾಂಕರ್ ಬಿಲ್ಲಿಗೆ ಸಹಿ ಹಾಕುವವನು ನಾನೇ, ಮತ್ತು ಇಡೀ ವರ್ಷದ ಟ್ಯಾಂಕರ್ ಬಿಲ್ಲೇ 90 ಸಾವಿರ ದಾಟುವುದಿಲ್ಲ. ಇಲ್ಲದ ಖರ್ಚನ್ನು ಉಳಿಸುವುದು ಹೇಗೆ?

ಅವರ ಲೆಕ್ಕ ಸರಳ. ಕ್ಯಾಂಪಸ್‌ನ ಎಲ್ಲ ಚಾವಣಿ ಸೇರಿ 1,700 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷದ ಮಳೆ 700 ಮಿ.ಮೀ. ಅಂತ ಹಿಡಿದರೆ 11.9 ಲಕ್ಷ ಲೀಟರ್. ನಮ್ಮಲ್ಲಿ 6,000 ಲೀಟರಿನ ಟ್ಯಾಂಕರಿಗೆ 700 ರೂಪಾಯಿ. ಭಾಗಿಸಿ ಗುಣಿಸಿದರೆ 1.39 ಲಕ್ಷ. ಗುಣಾಕಾರದಲ್ಲಿ ತಪ್ಪೇನೂ ಇಲ್ಲ. ಆದರೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ನೆಲಕ್ಕೆ ಇಂಗಿಸುವ ನೀರು, ಅದು ನಮ್ಮ ನಲ್ಲಿಯಲ್ಲಿ ಬರುವುದಿಲ್ಲ. ಉಳಿದ ನೀರೂ ಬರುವುದು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ನಾವು ಟ್ಯಾಂಕರ್ ಕೊಳ್ಳುವುದೇ ಇಲ್ಲ, ಬೋರ್‌ವೆಲ್ಲಿನ ನೀರೇ ಸಾಕಾಗುತ್ತದೆ. ಹಾಗಾಗಿ ಆ ತಿಂಗಳ ಮಳೆನೀರಿಗೆ ಟ್ಯಾಂಕರ್ ಬೆಲೆ ಕಟ್ಟುವುದು ಸುಮ್ನೆ ಕಾಗದದ ಮೇಲಿನ ಉಳಿತಾಯ.

ಅದಕ್ಕೇ ಎರಡು ಬಜೆಟ್ ಬೇರೆ ಬೇರೆ ಮಾಡಿದೆವು. ಒಂದು, ತುಂಬಿಟ್ಟು ಬಳಸುವ ನೀರಿನದು. ಇದಕ್ಕೆ ರೂಪಾಯಿ ಲೆಕ್ಕ ಇರಬೇಕು. ಇನ್ನೊಂದು, ಇಂಗಿಸುವ ನೀರಿನದು. ಇದಕ್ಕೆ ಉಳಿತಾಯದ ಕಾಲಂನಲ್ಲಿ ಸೊನ್ನೆ ಬರೆದು, ಆಮೇಲೂ ಮಾಡಬೇಕಾ ಅಂತ ಕೇಳಿದೆವು. ಮಾಡೋಣ ಅಂತಲೇ ಆಯಿತು, ಆ ಕಥೆ ಮುಂದೆ ಬರುತ್ತದೆ.

ಯಾವ ಚಾವಣಿ ಎಲ್ಲಿಗೆ

ಹಾಸ್ಟೆಲ್‌ನ ಆರ್‌ಸಿಸಿ ತಾರಸಿ 500 ಚದರ ಮೀಟರ್. ಪಕ್ಕದ ಊಟದ ಹಾಲ್‌ನ ಶೀಟು 300. ಇವೆರಡೂ ಅಡುಗೆಮನೆಗೆ ಹತ್ತಿರ, ಆದ್ದರಿಂದ ಈ 800 ಚದರ ಮೀಟರ್ ಸಂಪಿಗೆ. ಕಾಲೇಜಿನ ಮುಖ್ಯ ಕಟ್ಟಡ 900 ಚದರ ಮೀಟರ್, ಅದು ದೂರ, ಅದರ ನೀರೆಲ್ಲ ಇಂಗಿಸಲು. ಬಿದ್ದ ಮಳೆಯಲ್ಲಿ ಶೇ. 80 ಮಾತ್ರ ಕೈಗೆ ಸಿಗುತ್ತದೆ ಅಂತ ಹಿಡಿದೆವು. ಶೀಟಿನಿಂದ ಇನ್ನೂ ಜಾಸ್ತಿ ಬರುತ್ತದೆ, ನಿಜ. ಆದರೆ ತಾರಸಿ ಒದ್ದೆಯಾಗುವಷ್ಟೇ ಬಂದು ನಿಲ್ಲುವ ತುಂತುರು, ಮೊದಲು ಹೊರಗೆ ಬಿಡುವ ಕೊಳೆ ನೀರು, ಇವೆಲ್ಲ ಇದರಲ್ಲೇ ಕಳೆಯಬೇಕಲ್ಲ.

ಹೀಗೆ ಸಂಪಿನ ಕಡೆಗೆ ವರ್ಷಕ್ಕೆ 4.48 ಲಕ್ಷ ಲೀಟರ್, ಇಂಗಿಸುವ ಕಡೆಗೆ ಸುಮಾರು 5 ಲಕ್ಷ ಲೀಟರ್.

ಇನ್ನು ಸಂಪಿನ ನೀರನ್ನು ಯಾವುದಕ್ಕೆ ಬಳಸುವುದು? ಸಾಮಾನ್ಯವಾಗಿ ಎಲ್ಲರೂ ಹೇಳುವುದು ಗಿಡಕ್ಕೆ, ಟಾಯ್ಲೆಟ್‌ಗೆ ಅಂತ. ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಕುಡಿಯುವ ನೀರಿನ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟುತ್ತದೆ. ಹಾಗಾಗಿ ಕುಡಿಯಲು, ಅಡುಗೆಗೆ ಆರ್‌ಒ ಮಿಷನ್ ಇಟ್ಟಿದ್ದೇವೆ. ಅದು ಎರಡು ಲೀಟರ್ ತೆಗೆದುಕೊಂಡು ಒಂದು ಲೀಟರ್ ಒಳ್ಳೆ ನೀರು ಕೊಡುತ್ತದೆ, ಇನ್ನೊಂದು ಲೀಟರ್ ಚರಂಡಿಗೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಆರ್‌ಒ ಬೇಕಿಲ್ಲ, ಕ್ರಿಮಿ ಕೊಂದರೆ ಸಾಕು. ಅಂದರೆ ಅಡುಗೆಮನೆಯಲ್ಲಿ ಒಂದು ಲೀಟರ್ ಮಳೆನೀರು ಬಳಸಿದರೆ ಎರಡು ಲೀಟರ್ ಬೋರ್ ನೀರು ಅಥವಾ ಟ್ಯಾಂಕರ್ ನೀರು ಉಳಿಯುತ್ತದೆ. ಗಿಡಕ್ಕೆ ಹಾಕಿದರೆ ಒಂದಕ್ಕೆ ಒಂದೇ. ನಮ್ಮಲ್ಲಿ ಅಡುಗೆ, ಕುಡಿಯುವ ನೀರು ಸೇರಿ ದಿನಕ್ಕೆ 2,000 ಲೀಟರ್, ವರ್ಷಕ್ಕೆ ಸುಮಾರು 300 ದಿನ. ತಿಂಗಳಿಗೆ ಸರಾಸರಿ 50,000 ಲೀಟರ್.

ಸಂಪು ಎಷ್ಟು ದೊಡ್ಡದು

ಕೊಟೇಶನ್‌ನಲ್ಲಿ ಹೊಸ 50,000 ಲೀಟರಿನ ಆರ್‌ಸಿಸಿ ಸಂಪಿಗೆ 4.40 ಲಕ್ಷ ಇತ್ತು. ಒಬ್ಬ ಟ್ರಸ್ಟಿ, "ಮಾಡೋದೇ ಆದರೆ ಒಂದು ಲಕ್ಷ ಲೀಟರಿಂದೇ ಮಾಡಿ ಸಾರ್" ಅಂದರು. ಕೇಳಲು ಚೆನ್ನಾಗಿದೆ. ನಾವು ತಿಂಗಳ ಮಳೆಯನ್ನು ದುಂಡಾಗಿ ಹಂಚಿ ನೋಡಿದೆವು: ಜನವರಿಯಿಂದ ಮಾರ್ಚ್‌ವರೆಗೆ ಒಟ್ಟು 20 ಮಿ.ಮೀ., ಏಪ್ರಿಲ್ 30, ಮೇ 80, ಜೂನ್ 60, ಜುಲೈ 80, ಆಗಸ್ಟ್ 110, ಸೆಪ್ಟೆಂಬರ್ 140, ಅಕ್ಟೋಬರ್ 120, ನವೆಂಬರ್ 50, ಡಿಸೆಂಬರ್ 10. ನಮ್ಮ ಚಾವಣಿಗೆ ಒಂದು ಮಿ.ಮೀ. ಅಂದರೆ 640 ಲೀಟರ್. ಪ್ರತಿ ತಿಂಗಳು ಬಂದದ್ದು ಕೂಡಿಸಿ, 50,000 ಕಳೆದು, ಮಿಕ್ಕದ್ದನ್ನು ಮುಂದಿನ ತಿಂಗಳಿಗೆ ಒಯ್ಯುವುದು, ಸಂಪಿಗೆ ಹಿಡಿಸದ್ದನ್ನು ಹರಿದು ಹೋಯಿತು ಅಂತ ಬರೆಯುವುದು. ಇಷ್ಟೇ ಲೆಕ್ಕ, ಒಂದು ಹಾಳೆ ಸಾಕು.

50,000 ಲೀಟರಿನ ಸಂಪು ಇದ್ದರೆ ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳಲ್ಲಿ ಒಟ್ಟು 38,000 ಲೀಟರ್ ತುಂಬಿ ಹರಿಯುತ್ತದೆ. ಒಂದು ಲಕ್ಷದ ಸಂಪು ಇದ್ದರೆ ಅದೂ ಹಿಡಿಸುತ್ತದೆ. ಅಂದರೆ ಸಂಪು ದುಪ್ಪಟ್ಟು ಮಾಡಿದರೆ ಹೆಚ್ಚಿಗೆ ಸಿಗುವುದು ವರ್ಷಕ್ಕೆ 38,000 ಲೀಟರ್, ಆರು ಟ್ಯಾಂಕರಿನಷ್ಟು. ಅದಕ್ಕೆ ಇನ್ನೂ ಮೂರ್ನಾಲ್ಕು ಲಕ್ಷ. ಬೇಡ ಅಂತ ಅಲ್ಲಿಗೇ ಮುಗಿಯಿತು. ಹರಿದು ಹೋಗುವ ನೀರನ್ನೂ ಪೈಪು ಹಾಕಿ ಇಂಗುಬಾವಿಗೆ ತಿರುಗಿಸಿದರೆ ಆಯಿತು.

ತಿಂಗಳ ಲೆಕ್ಕ ಸ್ವಲ್ಪ ಸುಳ್ಳು ಹೇಳುತ್ತದೆ ಅನ್ನುವುದು ನೆನಪಿರಲಿ. ನಮ್ಮ ಕಡೆ ಮಳೆ ದಿನಾ ಹದವಾಗಿ ಬರುವುದಿಲ್ಲ, ಒಂದೇ ಸಂಜೆ 60 ಮಿ.ಮೀ. ಸುರಿದು ಆಮೇಲೆ ಹತ್ತು ದಿನ ನಾಪತ್ತೆ. ಆ ಒಂದು ಸಂಜೆಗೇ 38,000 ಲೀಟರ್ ಬರುತ್ತದೆ, ಸಂಪು ಅರ್ಧ ತುಂಬಿದ್ದರೆ ಮಿಕ್ಕದ್ದು ಹೊರಗೆ. ಹಾಗಾಗಿ ತಿಂಗಳ ಲೆಕ್ಕದಲ್ಲಿ ಬಂದ 4.10 ಲಕ್ಷವನ್ನು ಇಳಿಸಿ 3.5 ಲಕ್ಷ ಲೀಟರ್ ಮಾತ್ರ ನಿಜವಾಗಿ ಬಳಕೆಗೆ ಬರುತ್ತದೆ ಅಂತ ಇಟ್ಟುಕೊಂಡೆವು.

ಹಳೇ ಸಂಪು

ಹೊಸ ಸಂಪಿನ ದರದಲ್ಲಿ ಲೆಕ್ಕ ಹಾಕಿದಾಗ ದುಡ್ಡು ವಾಪಸ್ ಬರಲು 16 ವರ್ಷ ಅಂತ ಬಂತು (ಲೆಕ್ಕ ಕೆಳಗಿದೆ). ಯಾರೂ ಒಪ್ಪುವ ಮಾತಲ್ಲ. ಆಗ ಕಣ್ಣು ಬಿದ್ದದ್ದು ಹಾಸ್ಟೆಲ್ ಹಿಂದಿನ ಹಳೇ ಸಂಪಿನ ಮೇಲೆ. ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲುಚಪ್ಪಡಿ, ಒಳಗೆ 5 ಮೀಟರ್ ಉದ್ದ, 4 ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ಸರಿಯಾಗಿ 50,000 ಲೀಟರ್. ಸೋರುತ್ತದೆ ಅಂತ ಬಿಟ್ಟಿದ್ದರು, ಒಳಗೆ ಮುರಿದ ಬೆಂಚು, ಹಳೇ ಪೈಪು ತುಂಬಿತ್ತು.

ಎಷ್ಟು ಸೋರುತ್ತದೆ, ಎಲ್ಲಿ ಸೋರುತ್ತದೆ ಅಂತ ತಿಳಿಯದೆ ರಿಪೇರಿಗೆ ಕೈ ಹಾಕಬಾರದು. ಕಸ ತೆಗೆಸಿ, ಅರ್ಧದಷ್ಟು ಬೋರ್ ನೀರು ತುಂಬಿ, ಗೋಡೆಗೆ ಸೀಮೆಸುಣ್ಣದ ಗೆರೆ ಹಾಕಿ, ಬಾಯಿ ಮುಚ್ಚಿ 24 ಗಂಟೆ ಬಿಟ್ಟೆವು. ಮುಚ್ಚಿದ ಸಂಪಿನಲ್ಲಿ ನೀರು ಆವಿಯಾಗುವುದು ತೀರಾ ಕಡಿಮೆ, ಇಳಿದದ್ದೆಲ್ಲ ಸೋರಿಕೆಯೇ. 9 ಸೆಂ.ಮೀ. ಇಳಿದಿತ್ತು, ಅಂದರೆ 1,800 ಲೀಟರ್. ಹಾಗೇ ಬಿಟ್ಟಾಗ ಒಂದು ಮಟ್ಟಕ್ಕೆ ಬಂದು ಇಳಿಯುವುದು ನಿಂತಿತು. ಇದು ಒಳ್ಳೆ ಸುದ್ದಿ. ತಳ ಗಟ್ಟಿ ಇದೆ, ಸೋರುವುದು ಆ ಮಟ್ಟಕ್ಕಿಂತ ಮೇಲಿನ ಗೋಡೆಯಲ್ಲಿ ಅಂತ ಅರ್ಥ. ಖಾಲಿ ಮಾಡಿ ನೋಡಿದರೆ ಆ ಮಟ್ಟದ ಸ್ವಲ್ಪ ಮೇಲೇ ಒಂದು ಮೂಲೆಯಲ್ಲಿ ಬೇವಿನ ಬೇರು ಕಲ್ಲಿನ ಸಂದಿಯಿಂದ ಒಳಗೆ ಇಣುಕುತ್ತಿತ್ತು.

ಮೇಸ್ತ್ರಿ ಮೊದಲು ಹೊರಗಿನಿಂದ ಮಣ್ಣು ಅಗೆದು ಬೇರು ಕಡಿಸಿದರು. ಒಳಗೆ ಹಳೇ ಪ್ಲಾಸ್ಟರಿಂಗ್ ಪೂರ್ತಿ ಉದುರಿಸಿ, ಕಲ್ಲಿನ ಸಂದಿಗಳನ್ನು ಒಂದು ಇಂಚು ಕೆರೆದು, ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟಿನಿಂದ ತುಂಬಿದರು. ಆಮೇಲೆ ಎರಡು ಪದರ ಪ್ಲಾಸ್ಟರಿಂಗ್, ಮೂಲೆಗಳಲ್ಲಿ ಕೋಳಿ ಜಾಲರಿ ಹೊಡೆದು, ಗೋಡೆ ಮತ್ತು ತಳ ಸೇರುವಲ್ಲಿ ಚೌಕ ಬಿಡದೆ ದುಂಡಗೆ ಎಳೆದರು. ಆ ಚೌಕ ಮೂಲೆಯಲ್ಲೇ ಬಿರುಕು ಶುರುವಾಗುವುದು, ತೊಳೆಯುವಾಗ ಕೊಳೆ ಉಳಿಯುವುದೂ ಅಲ್ಲೇ. ಚಪ್ಪಡಿಗಳ ಸಂದಿಯನ್ನೆಲ್ಲ ಸಿಮೆಂಟಿನಿಂದ ಮುಚ್ಚಿದೆವು. ಬೆಳಕು ಒಳಗೆ ಹೋದರೆ ಪಾಚಿ, ಸಂದಿ ಇದ್ದರೆ ಹಲ್ಲಿ, ಜಿರಳೆ.

ಹೊಸ ಸಿಮೆಂಟಿಗೆ ಕ್ಯೂರಿಂಗ್ ಆದಮೇಲೆ ತುಂಬಿದ ಮೊದಲ ನೀರನ್ನು ಅಡುಗೆಗೆ ಬಿಡಬಾರದು. ಸುಣ್ಣದ ರುಚಿ ಇರುತ್ತದೆ. ಆ ನೀರಿನಲ್ಲೇ ಮತ್ತೆ 24 ಗಂಟೆಯ ಗೆರೆ ಪರೀಕ್ಷೆ ಮಾಡಿ, ಗೆರೆ ಅಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು, ಗಿಡಗಳಿಗೆ ಹರಿಸಿದೆವು. ಈ ರಿಪೇರಿಗೆ ಒಟ್ಟು 1.15 ಲಕ್ಷ ಆಯಿತು. ಹೊಸದಕ್ಕೆ 4.40 ಇತ್ತಲ್ಲ.

ಮೊದಲ ಮಳೆಯ ಕೊಳೆ

ಚಾವಣಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಮೊದಲ ಒಂದು ಮಿ.ಮೀ. ಮಳೆಯಲ್ಲೇ ತೊಳೆದು ಬರುತ್ತದೆ. ಅದನ್ನು ಹೊರಗೆ ಬಿಡಲು ಮನೆಗಳಲ್ಲಿ ಒಂದು ಉದ್ದ ಪಿವಿಸಿ ಪೈಪು ನಿಲ್ಲಿಸಿ ಕೆಳಗೆ ಮುಚ್ಚಳ ಹಾಕುತ್ತಾರೆ. ಕೊಟೇಶನ್‌ನಲ್ಲೂ ಅದೇ ಇತ್ತು, 160 ಮಿ.ಮೀ. ಪೈಪು, ಒಂದು ಮೀಟರ್ ಎತ್ತರದವು ನಾಲ್ಕು. ಈ ಪೈಪಿನಲ್ಲಿ ಒಂದು ಮೀಟರಿಗೆ ಹಿಡಿಸುವುದು ಸುಮಾರು 18 ಲೀಟರ್. ನಮಗೆ ಬೇಕಾದದ್ದು 800 ಲೀಟರ್. ನಾಲ್ಕು ಪೈಪು ಸೇರಿ 72 ಲೀಟರ್ ಹಿಡಿದು, ಮಿಕ್ಕ ಕೊಳೆಯನ್ನೆಲ್ಲ ಸಂಪಿಗೆ ಕಳಿಸುತ್ತಿತ್ತು.

ಅದರ ಬದಲು ಎರಡು 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟೆವು, ಒಂದು ತಾರಸಿಗೆ, ಒಂದು ಶೀಟಿಗೆ. ಮಳೆ ಬಂದಾಗ ನೀರು ಮೊದಲು ಇವಕ್ಕೆ ಇಳಿಯುತ್ತದೆ. ತುಂಬಿದಮೇಲೆ ಒಳಗಿನ ಚೆಂಡು ತೇಲಿ ಬಾಯಿ ಮುಚ್ಚುತ್ತದೆ, ಆಮೇಲಿನ ನೀರು ಮುಂದೆ ಫಿಲ್ಟರ್‌ಗೆ ಹೋಗುತ್ತದೆ. ತಳದಲ್ಲಿ ಒಂದು ನಲ್ಲಿಯನ್ನು ಸಣ್ಣ ಧಾರೆಯಾಗಿ ಬಿಟ್ಟಿದ್ದೇವೆ, ಒಂದು ದಿನದಲ್ಲಿ ಟ್ಯಾಂಕ್ ತಾನೇ ಖಾಲಿಯಾಗಿ ಮುಂದಿನ ಮಳೆಗೆ ತಯಾರು. ಕೈಯಿಂದ ತೆರೆಯುವ ವಾಲ್ವ್ ಇಟ್ಟರೆ ಭಾನುವಾರ ರಾತ್ರಿ ಬರುವ ಮಳೆಗೆ ಯಾರು ಎದ್ದು ಹೋಗುತ್ತಾರೆ ಹೇಳಿ.

ಫಿಲ್ಟರ್ ಸಾಮಾನ್ಯದ್ದೇ. ಇಟ್ಟಿಗೆ ತೊಟ್ಟಿ, ಕೆಳಗೆ 40 ಮಿ.ಮೀ. ಜಲ್ಲಿ, ಮೇಲೆ 20 ಮಿ.ಮೀ. ಜಲ್ಲಿ, ನೈಲಾನ್ ಜಾಲರಿ, ಅದರ ಮೇಲೆ ದಪ್ಪ ಮರಳು. ಜೋರು ಮಳೆಗೆ, ಅಂದರೆ ಗಂಟೆಗೆ 50 ಮಿ.ಮೀ.ಗೆ, 800 ಚದರ ಮೀಟರಿನಿಂದ ಗಂಟೆಗೆ 32,000 ಲೀಟರ್ ಬರುತ್ತದೆ. ಅಷ್ಟನ್ನು ಯಾವ ಮರಳು ತೊಟ್ಟಿಯೂ ನುಂಗುವುದಿಲ್ಲ. ಹಾಗಾಗಿ ತೊಟ್ಟಿಯ ಮೇಲ್ಭಾಗದಲ್ಲಿ ಒಂದು ದೊಡ್ಡ ಪೈಪು, ಉಕ್ಕಿದ್ದು ಇಂಗುಬಾವಿ ಕಡೆಗೆ.

ಇನ್ನೊಂದು ವಿಷಯ, ಇದನ್ನು ಯಾವ ಕೈಪಿಡಿಯಲ್ಲೂ ನಾನು ನೋಡಿರಲಿಲ್ಲ. ಹಾಸ್ಟೆಲ್‌ನ ಓವರ್‌ಹೆಡ್ ಟ್ಯಾಂಕ್ ತುಂಬಿ ಉಕ್ಕಿದರೆ ಆ ನೀರು ತಾರಸಿ ಮೇಲೇ ಬೀಳುತ್ತದೆ. ಅದು ಬೋರ್ ನೀರು, ಫ್ಲೋರೈಡ್ ಇರುವ ನೀರು. ಡೌನ್ ಪೈಪಿನಲ್ಲಿ ಇಳಿದು ಸೀದಾ ನಮ್ಮ ಮಳೆನೀರಿನ ಸಂಪಿಗೆ! ಸೋಲಾರ್ ಹೀಟರ್ ಸೋರಿದರೂ ಅದೇ ಕಥೆ. ಎರಡರ ಉಕ್ಕುವ ಪೈಪನ್ನೂ ಬೇರೆಯಾಗಿ ಕೆಳಗಿಳಿಸಿದೆವು. ಮತ್ತೆ ಬೆರೆತರೆ ಗೊತ್ತಾಗಲಿ ಅಂತ ನೀರಿನಲ್ಲಿ ಕರಗಿದ ಲವಣ ತೋರಿಸುವ ಒಂದು ಟಿಡಿಎಸ್ ಮೀಟರ್ ಅಡುಗೆಮನೆಯಲ್ಲಿ ಇದೆ. ಸಂಪಿನ ನೀರು ಸಾಮಾನ್ಯವಾಗಿ 80ರ ಆಸುಪಾಸು ತೋರಿಸುತ್ತದೆ, ಬೋರ್ ನೀರು 900. ಮಳೆಯಿಲ್ಲದ ವಾರದಲ್ಲಿ ಸಂಪಿನದು 200 ದಾಟಿದರೆ ತಾರಸಿ ಹತ್ತಿ ನೋಡಬೇಕು, ಅಷ್ಟೇ.

ಇಂಗಿಸುವ ಕಡೆ

ಮುಖ್ಯ ಕಟ್ಟಡದ ಹತ್ತಿರ ನೀರು ಬತ್ತಿದ 650 ಅಡಿಯ ಒಂದು ಬೋರ್‌ವೆಲ್ ಇದೆ. ಅದಕ್ಕೆ ಸೀದಾ ಪೈಪು ಇಳಿಸಿಬಿಡೋಣ, ಎಲ್ಲಕ್ಕಿಂತ ಸಸ್ತಾ ಅಂತ ಗುತ್ತಿಗೆದಾರರ ಸಲಹೆ. ಇದು ಅಪಾಯದ ಕೆಲಸ. ಮಣ್ಣಿನ ಮೂಲಕ ಇಳಿಯುವ ನೀರು ಸೋಸಿಕೊಂಡು ಹೋಗುತ್ತದೆ. ಬೋರ್‌ವೆಲ್ಲಿನಲ್ಲಿ ಬಿಟ್ಟದ್ದು ಕಲ್ಲಿನ ಬಿರುಕಿಗೆ ನೇರವಾಗಿ ಹೋಗುತ್ತದೆ, ಅದೇ ಬಿರುಕಿನಿಂದ ನಮ್ಮದೂ ಪಕ್ಕದ ಊರಿನದೂ ಬೋರ್‌ವೆಲ್ ನೀರೆತ್ತುತ್ತಿರಬಹುದು. ಹೂಳು ಹೋದರೆ ಬಿರುಕೇ ಮುಚ್ಚಿಕೊಳ್ಳುತ್ತದೆ, ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲ.

ಹಾಗಾಗಿ ಕೇಸಿಂಗ್ ಸುತ್ತ 8 ಅಡಿ ಚೌಕ, 10 ಅಡಿ ಆಳದ ಗುಂಡಿ ತೆಗೆಸಿದೆವು. ಗುಂಡಿಯೊಳಗೆ ಕಾಣುವ ಕೇಸಿಂಗ್ ಪೈಪಿನ ಕೆಳಗಿನ ಐದು ಅಡಿಗೆ ಸಣ್ಣ ತೂತು ಕೊರೆದು, ನೈಲಾನ್ ಜಾಲರಿಯನ್ನು ಎರಡು ಸುತ್ತು ಬಿಗಿದು, ತಳದಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಕೊನೆಗೆ ಎರಡಡಿ ದಪ್ಪ ಮರಳು. ಕೇಸಿಂಗಿನ ಬಾಯಿಗೆ ಬೋಲ್ಟ್ ಹಾಕುವ ಮುಚ್ಚಳ. ಇಲ್ಲಿಗೆ ಬರುವುದು ತಾರಸಿಯ ನೀರು ಮಾತ್ರ, ಅದೂ ಹೂಳು ತೊಟ್ಟಿ ದಾಟಿಕೊಂಡು. ರಸ್ತೆ, ಮೈದಾನದ ನೀರು ಒಂದು ಹನಿಯೂ ಬರಬಾರದು.

ಇಂಗುಬಾವಿ ಎರಡು. ನಾಲ್ಕಡಿ ಅಗಲ, 25 ಅಡಿ ಆಳ, ತೂತಿರುವ ಸಿಮೆಂಟ್ ರಿಂಗು. ಹಾಸ್ಟೆಲ್‌ನ ಸೆಪ್ಟಿಕ್ ಟ್ಯಾಂಕಿಗೆ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು ಅಂತ ಮೈದಾನದ ಆಚೆ ಬದಿಗೆ ಜಾಗ ಹಿಡಿದೆವು. ಬಾವಿ ತೋಡುವ ಹಿರಿಯರೊಬ್ಬರು ಎಂಟು ಅಡಿವರೆಗೆ ಬಂದ ಜೇಡಿಮಣ್ಣು ನೋಡಿ, "ಇದು ನೀರು ಕುಡಿಯಲ್ಲ ಸಾರ್, ಗರಸು ಸಿಗೋವರೆಗೂ ಹೋಗಬೇಕು" ಅಂದರು. ಹತ್ತು ಅಡಿ ದಾಟಿದಮೇಲೆ ಗರಸು ಸಿಕ್ಕಿತು. ಹತ್ತಡಿಗೇ ನಿಲ್ಲಿಸಿ ಜಲ್ಲಿ ತುಂಬಿಬಿಟ್ಟಿದ್ದರೆ ನೋಡಲು ಇಂಗುಗುಂಡಿ, ನಿಜದಲ್ಲಿ ಸೊಳ್ಳೆ ಸಾಕುವ ತೊಟ್ಟಿ.

ಮೊದಲ ಬಾವಿ ಮುಗಿದ ಮೇಲೆ ಒಂದು ಟ್ಯಾಂಕರ್ ನೀರು ಸುರಿದು ಗಡಿಯಾರ ನೋಡಿದೆವು. 6,000 ಲೀಟರ್ ಇಳಿಯಲು ಮೂರು ಗಂಟೆ, ಅಂದರೆ ಗಂಟೆಗೆ 2,000. ಈ 700 ರೂಪಾಯಿಯ ಪರೀಕ್ಷೆ ಎರಡನೇ ಬಾವಿ ತೋಡುವ ಮೊದಲೇ ಮಾಡಬೇಕು. ಇಳಿಯಲು ದಿನಗಟ್ಟಲೆ ಹಿಡಿದರೆ ಅಲ್ಲಿ ಎರಡನೆಯದನ್ನು ತೋಡುವುದು ದಂಡ, ಜಾಗ ಬದಲಿಸಬೇಕು. ಎರಡೂ ಬಾವಿ ಸೇರಿ ಒಳಗೆ ಹಿಡಿಸುವುದು 17,000 ಲೀಟರ್, ಗಂಟೆಗೆ ಇಂಗುವುದು 4,000. ಗಂಟೆಗೆ 50 ಮಿ.ಮೀ. ಮಳೆ ಪೂರ್ತಿ ಒಂದು ಗಂಟೆ ಹೊಡೆದರೆ 900 ಚದರ ಮೀಟರಿನಿಂದ 36,000 ಲೀಟರ್ ಬರುತ್ತದೆ, ಆಗ ಸುಮಾರು 15,000 ಲೀಟರ್ ಉಕ್ಕಿ ಮೈದಾನದ ಅಂಚಿನ ಟ್ರೆಂಚಿಗೆ ಹೋಗುತ್ತದೆ. ಹೋಗಲಿ. ಅಂಥ ಮಳೆ ಅಪರೂಪ, ಅದಕ್ಕಾಗಿ ಮೂರನೇ ಬಾವಿಗೆ 48 ಸಾವಿರ ಕೊಡುವುದಿಲ್ಲ.

ಖರ್ಚು

| ಬಾಬ್ತು | ರೂ. |
|---|---|
| ಹಳೇ ಸಂಪು ರಿಪೇರಿ | 1,15,000 |
| ಹಾಸ್ಟೆಲ್, ಊಟದ ಹಾಲ್ ಪೈಪು, ತಗಡಿನ ದೋಣಿ | 82,000 |
| ಕೊಳೆ ನೀರಿನ ಟ್ಯಾಂಕ್, ಫಿಲ್ಟರ್ | 38,000 |
| ಒಂದು ಎಚ್‌ಪಿ ಪಂಪು, ಅಡುಗೆಮನೆ ಲೈನ್, ಕ್ರಿಮಿ ಕೊಲ್ಲುವ ಯುವಿ ದೀಪ | 46,000 |
| ನೀರಿನ ಪರೀಕ್ಷೆ, ಮೀಟರ್ | 9,000 |
| ಬಳಸುವ ನೀರಿನ ಭಾಗ | 2,90,000 |
| ಮುಖ್ಯ ಕಟ್ಟಡದ ಪೈಪು | 64,000 |
| ಹೂಳು ತೊಟ್ಟಿ | 22,000 |
| ಇಂಗುಬಾವಿ ಎರಡು | 96,000 |
| ಹಳೇ ಬೋರ್‌ವೆಲ್ ಸುತ್ತಿನ ಗುಂಡಿ | 48,000 |
| ಇಂಗಿಸುವ ಭಾಗ | 2,30,000 |
| ಅನಿರೀಕ್ಷಿತ ಖರ್ಚಿಗೆ | 40,000 |
| ಒಟ್ಟು | 5,60,000 |

ಅನಿರೀಕ್ಷಿತ ಅಂತ ಇಟ್ಟಿದ್ದರಲ್ಲಿ ಹೆಚ್ಚು ಪಾಲು ಹೋದದ್ದು ಪೈಪಿಗೆ ಅಡ್ಡ ಸಿಕ್ಕ ಬಂಡೆ ಒಡೆಸಲು. ಕೋಲಾರದಲ್ಲಿ ನೆಲ ಅಗೆಯುವ ಯಾವ ಬಜೆಟ್ಟಿಗೂ ಇದನ್ನು ಮೊದಲೇ ಸೇರಿಸಿ.

ವರ್ಷದ ನಿರ್ವಹಣೆ

ಬಳಸುವ ಭಾಗಕ್ಕೆ ವರ್ಷಕ್ಕೆ 13,000. ತಾರಸಿ ಗುಡಿಸುವುದಕ್ಕೆ 3,000, ಫಿಲ್ಟರ್ ಮರಳು ತೊಳೆಯಲು, ಜಾಲರಿ ಬದಲಿಸಲು 2,500, ಏಪ್ರಿಲ್‌ನಲ್ಲಿ ಸಂಪು ಖಾಲಿಯಾದಾಗ ಉಜ್ಜಿ ತೊಳೆಸಲು 3,500, ಯುವಿ ದೀಪಕ್ಕೆ 2,000, ವರ್ಷಕ್ಕೆ ಎರಡು ಸಲ ಲ್ಯಾಬ್ ಪರೀಕ್ಷೆಗೆ 2,000. ಯುವಿ ದೀಪ ಉರಿಯುತ್ತಿದೆ ಅಂತ ಸುಮ್ಮನಿರಬಾರದು, ವರ್ಷ ಕಳೆದಮೇಲೆ ಬೆಳಕು ಕಾಣಿಸುತ್ತದೆ ಆದರೆ ಕ್ರಿಮಿ ಕೊಲ್ಲುವ ಶಕ್ತಿ ಇಳಿದಿರುತ್ತದೆ.

ಇಂಗಿಸುವ ಭಾಗಕ್ಕೆ ಸರಾಸರಿ 9,000. ಹೂಳು ತೊಟ್ಟಿಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಧ್ಯದಲ್ಲಿ ಒಮ್ಮೆ ಎತ್ತಬೇಕು. ಬೋರ್‌ವೆಲ್ ಗುಂಡಿಯ ಮೇಲಿನ ಒಂದಡಿ ಮರಳನ್ನು ಪ್ರತಿ ವರ್ಷ ತೆಗೆದು ತೊಳೆದು ಹಾಕಬೇಕು. ಇಂಗುಬಾವಿಯ ತಳದ ಹೂಳನ್ನು ಎರಡು ಮೂರು ವರ್ಷಕ್ಕೊಮ್ಮೆ. ಹೂಳು ಕಟ್ಟಿದೆ ಅಂತ ತಿಳಿಯುವುದೂ ಅದೇ ಟ್ಯಾಂಕರ್ ಪರೀಕ್ಷೆಯಿಂದ. ಶುರುವಿನಲ್ಲಿ ಮೂರು ಗಂಟೆಯಲ್ಲಿ ಇಳಿದ 6,000 ಲೀಟರ್ ಈಗ ಆರು ಗಂಟೆ ತೆಗೆದುಕೊಂಡರೆ ಹೂಳೆತ್ತುವವರನ್ನು ಕರೆಸಬೇಕು.

ಎರಡೂ ಸೇರಿ 22,000, ಹಾಕಿದ ಬಂಡವಾಳದ ಶೇ. 4. ಇದನ್ನು ಯಾವ ಕೊಟೇಶನ್‌ನಲ್ಲೂ ಬರೆದಿರಲಿಲ್ಲ.

ಉಳಿತಾಯ

ನಮಗೆ ದಿನಕ್ಕೆ 12,000 ಲೀಟರ್ ಬೇಕು. ಜನವರಿಯಿಂದ ಜೂನ್‌ವರೆಗೆ ಬೋರ್‌ವೆಲ್ 7,000ದ ಹತ್ತಿರ ಕೊಡುತ್ತದೆ, ಕೊರತೆಗೆ ಸುಮಾರು 125 ಟ್ಯಾಂಕರ್, 87,500 ರೂಪಾಯಿ.

ಈ ಆರು ತಿಂಗಳಲ್ಲಿ ಬೀಳುವ ಮಳೆಯಿಂದ ನಮಗೆ ಸಿಗುವುದು ಒಂದು ಲಕ್ಷ ಲೀಟರ್, ಬಹುಪಾಲು ಮೇ ಮತ್ತು ಜೂನ್‌ನದು. ಇದಕ್ಕೆ ಇನ್ನೊಂದು ಅರ್ಧ ಲಕ್ಷ ಸೇರಿಸುವ ದಾರಿ ಇದೆ, ಅದಕ್ಕೆ ಖರ್ಚೇ ಇಲ್ಲ. ಅಕ್ಟೋಬರ್ ಕೊನೆಗೆ ಸಂಪು ತುಂಬಿರುತ್ತದೆ. ನವೆಂಬರ್‌ನಲ್ಲಿ ಹೊಸದಾಗಿ ಬಂದಷ್ಟನ್ನೇ ಬಳಸಿ, ತುಂಬಿದ ಸಂಪಿನ ವಾಲ್ವ್‌ಗೆ ಬೀಗ ಹಾಕಿಬಿಡುವುದು. ಡಿಸೆಂಬರ್‌ನಲ್ಲಿ ಬೋರ್ ನೀರು ಇನ್ನೂ ಸಾಕಷ್ಟಿರುತ್ತದೆ, ಅಡುಗೆಗೆ ಆರ್‌ಒ ನೀರೇ ಇರಲಿ. ಆ 50,000 ಲೀಟರನ್ನು ಟ್ಯಾಂಕರ್ ಶುರುವಾದಮೇಲೆ ತೆರೆಯುವುದು. ಕತ್ತಲಲ್ಲಿ ಮುಚ್ಚಿಟ್ಟ ನೀರು ಕೆಡುವುದಿಲ್ಲ, ತೆರೆಯುವಾಗ ಕ್ಲೋರಿನ್ ಹಾಕಿ ಪರೀಕ್ಷೆ ಮಾಡಿಸಿದರೆ ಆಯಿತು. ಅಡುಗೆ ಭಟ್ಟರಿಗೆ ಮಾತ್ರ ಇದು ಇಷ್ಟವಿಲ್ಲ, ಮಳೆನೀರಲ್ಲಿ ಬೇಳೆ ಬೇಗ ಬೇಯುತ್ತದಂತೆ, ಬೀಗದ ಕೈ ಕೇಳುತ್ತಲೇ ಇರುತ್ತಾರೆ.

ಹೀಗೆ ಟ್ಯಾಂಕರ್ ಕಾಲಕ್ಕೆ ಒಂದೂವರೆ ಲಕ್ಷ ಲೀಟರ್ ಮಳೆನೀರು. ಆರ್‌ಒ ಪೋಲು ಸೇರಿ ಅದು ಉಳಿಸುವುದು ಮೂರು ಲಕ್ಷ ಲೀಟರ್, ಅಂದರೆ 50 ಟ್ಯಾಂಕರ್, 35,000 ರೂಪಾಯಿ. ಮಿಕ್ಕ ಎರಡು ಲಕ್ಷ ಲೀಟರ್ ಮಳೆಗಾಲದಲ್ಲಿ ಬಳಕೆಯಾಗುತ್ತದೆ, ಅದು ನಾಲ್ಕು ಲಕ್ಷ ಲೀಟರ್ ಬೋರ್ ನೀರು ಎತ್ತುವುದನ್ನು ತಪ್ಪಿಸುತ್ತದೆ. 600 ಅಡಿಯಿಂದ ಎತ್ತಲು ಸಾವಿರ ಲೀಟರಿಗೆ ಒಂದೂವರೆ ಯೂನಿಟ್ ಅಂತ ಹಿಡಿದರೆ 600 ಯೂನಿಟ್, ಯೂನಿಟ್ಟಿಗೆ 8 ರೂಪಾಯಿಯಂತೆ 4,800. ನೋಡಿ, ಒಂದೇ ಮಳೆನೀರು, ಬೇಸಿಗೆಯಲ್ಲಿ ಬಳಸಿದರೆ ಲೀಟರಿಗೆ 23 ಪೈಸೆ, ಮಳೆಗಾಲದಲ್ಲಿ ಬಳಸಿದರೆ ಎರಡೂವರೆ ಪೈಸೆಯೂ ಇಲ್ಲ. ಆರ್‌ಒ ಮಿಷನ್ ಕಡಿಮೆ ಓಡುವುದರಿಂದ ಮೆಂಬ್ರೇನ್, ಫಿಲ್ಟರ್, ಕೆಮಿಕಲ್ ಖರ್ಚಿನಲ್ಲಿ 12,000.

ಒಟ್ಟು 51,800. ನಿರ್ವಹಣೆ 13,000 ಕಳೆದರೆ 38,800. ಬಳಸುವ ಭಾಗಕ್ಕೆ ಬಂಡೆ ಖರ್ಚಿನ ಪಾಲೂ ಸೇರಿ 3.12 ಲಕ್ಷ ಹಾಕಿದ್ದೇವೆ, ಎಂಟು ವರ್ಷಕ್ಕೆ ವಾಪಸ್. ಹೊಸ ಸಂಪು ಕಟ್ಟಿದ್ದರೆ 6.37 ಲಕ್ಷ, ಹದಿನಾರು ವರ್ಷ. ಮಳೆ ಕೈ ಕೊಟ್ಟ ವರ್ಷ ಇದು ಇನ್ನೂ ಮುಂದಕ್ಕೆ ಹೋಗುತ್ತದೆ, ಆದರೆ ಅಂಥ ವರ್ಷವೇ ಟ್ಯಾಂಕರ್ ದರವೂ ಏರುತ್ತದೆ.

ಇನ್ನು ಇಂಗಿಸುವ 2.30 ಲಕ್ಷ. ನಾವು ಇಂಗಿಸುವ 5 ಲಕ್ಷ ಲೀಟರ್ ನಾವು ವರ್ಷಕ್ಕೆ ಬಳಸುವ 36 ಲಕ್ಷದ ಏಳನೇ ಒಂದು ಭಾಗ. ಅದೂ ನಮ್ಮ ಬೋರ್‌ವೆಲ್ಲಿಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಇಂಗುಬಾವಿಯ ನೀರು ಮೇಲಿನ ಗರಸಿನ ಪದರಕ್ಕೆ ಹೋಗುತ್ತದೆ, ನಮ್ಮ ಪಂಪು ಇರುವುದು 600 ಅಡಿಯ ಕಲ್ಲಿನ ಬಿರುಕಿನಲ್ಲಿ. ಬೆಳಿಗ್ಗೆ ಪಂಪು ಹಾಕುವ ಮೊದಲು ನೀರಿನ ಮಟ್ಟ ಅಳೆದು ಬರೆಯುತ್ತಿದ್ದೇವೆ. ಏರಿದರೂ ಅದು ನಮ್ಮ ಬಾವಿಯಿಂದ ಅಂತ ಹೇಳಲಾಗದು. ಆ ವರ್ಷ ಒಳ್ಳೆ ಮಳೆಯಾಗಿರಬಹುದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ, ನಮ್ಮ ಹತ್ತಿರದ ಕೆರೆಯಲ್ಲೂ ಅದೇ ನೀರು. ಮೂರನ್ನೂ ಬೇರ್ಪಡಿಸಿ ಅಳೆಯುವ ಉಪಕರಣ ನಮ್ಮಲ್ಲಿಲ್ಲ.

ಹಾಗಾಗಿ ಮಂಡಳಿಗೆ ಕೊಟ್ಟ ಹಾಳೆಯಲ್ಲಿ ಇಂಗಿಸುವ ಭಾಗದ ಎದುರು ಉಳಿತಾಯ ಸೊನ್ನೆ, ಖರ್ಚು 2.30 ಲಕ್ಷ, ವರ್ಷಕ್ಕೆ 9,000 ಅಂತಲೇ ಬರೆದೆವು. ಒಬ್ಬರು ಹುಬ್ಬೇರಿಸಿದರು. ಇನ್ನೊಬ್ಬರು, ಹೊಸ ಬೋರ್‌ವೆಲ್ ಕೊರೆಸಿದರೆ ಇಷ್ಟಕ್ಕಿಂತ ಜಾಸ್ತಿ ಹೋಗುತ್ತದೆ, ನೀರು ಸಿಗುತ್ತದೆ ಅಂತ ಅದಕ್ಕೂ ಖಾತ್ರಿ ಇಲ್ಲ, ಮೂವತ್ತು ವರ್ಷ ಎತ್ತಿದ್ದೇವೆ, ಸ್ವಲ್ಪ ಹಾಕೋಣ ಅಂದರು. ಪಾಸಾಯಿತು. ನಿರ್ವಹಣೆಯ 22,000ವನ್ನು ಕಟ್ಟಡ ದುರಸ್ತಿ ಬಾಬ್ತಿನಲ್ಲಿ ಪ್ರತಿ ಏಪ್ರಿಲ್‌ಗೆ ಮೊದಲೇ ತೆಗೆದಿಡಬೇಕು ಅಂತ ಅದೇ ನಿರ್ಣಯದಲ್ಲಿ ಸೇರಿಸಿಕೊಂಡೆವು. ಅಂಗಳ, ರಸ್ತೆಯ ನೀರನ್ನು ಇನ್ನೂ ಮುಟ್ಟಿಲ್ಲ. ಅದಕ್ಕೆ ದೊಡ್ಡ ಹೂಳು ತೊಟ್ಟಿ ಬೇಕು, ಪಾರ್ಕಿಂಗ್‌ನ ಎಣ್ಣೆ ಬೇರೆ ಇದೆ, ಮೊದಲು ಗಾಡಿ ನಿಲ್ಲಿಸುವ ಜಾಗವನ್ನು ಇಳಿಜಾರಿನ ಕೆಳಗಿನ ತುದಿಗೆ ಬದಲಿಸಬೇಕು.